ಶನಿವಾರ ಬೆಳಗ್ಗೆ 9ಕ್ಕೆ ಮಿನ್ನಿ, ಗುಂಡನ ಲಸಿಕೆ: ನೆನಪಿಗೆ

ಸುನಂದಾ ಅಕ್ಕಾರೇ, ನಮಸ್ಕಾರ. ಟಿಳಕವಾಡಿಯ ನಿಮ್ಮ ಬೆಕ್ಕಿನ ದವಾಖಾನೆಯಿಂದ ಬರೆಯುತ್ತಿದ್ದೇನೆ.

ಇದೇ ಜುಲೈ 18, ಶನಿವಾರ ಬೆಳಗ್ಗೆ 9 ಗಂಟೆಗೆ ಮಿನ್ನಿ ಮತ್ತು ಗುಂಡ ಇಬ್ಬರಿಗೂ ಟೈಮ್ ಕೊಟ್ಟಿದ್ದೇವೆ. ದಿನದ ಮೊದಲ ಪಾಳಿ ನಿಮ್ಮದೇ. ಮಿನ್ನಿ ಹಸಿದು ಬರಬೇಕು, ಅದಕ್ಕೇ ಬೇಕಂತಲೇ ಹಾಗೆ ಇಟ್ಟಿದ್ದು.

ಮಿನ್ನಿಗೆ ವರ್ಷದ ರೇಬೀಸ್ ಲಸಿಕೆ, ಜೊತೆಗೆ ಮೂರು ರೋಗದ ಲಸಿಕೆ. ಗುಂಡನಿಗೆ ಈಗ ಮೂರು ತಿಂಗಳು ತುಂಬಿದೆ. ಅವನಿಗೆ ಮೊದಲ ರೇಬೀಸ್, ಮತ್ತೆ ಮೂರು ರೋಗದ ಲಸಿಕೆಯ ಎರಡನೇ ಡೋಸು. ಇದಲ್ಲದೆ ಮಿನ್ನಿಯ ರಕ್ತ ತೆಗೆಯುವುದಿದೆ. ಹೋದ ಸಲ 4.6 ಕಿಲೋ ಇದ್ದವಳು ಜೂನಿನಲ್ಲಿ ತೂಗಿದಾಗ 4.1ಕ್ಕೆ ಇಳಿದಿದ್ದಳು, ನೀರು ಜಾಸ್ತಿ ಕುಡಿಯುತ್ತಾಳೆ ಅಂತ ನೀವೇ ಹೇಳಿದ್ರಿ. ಒಂಬತ್ತು ವರ್ಷದ ಬೆಕ್ಕಿನಲ್ಲಿ ಇವೆರಡೂ ಒಟ್ಟಿಗೆ ಕಂಡರೆ ಕಿಡ್ನಿ, ಸಕ್ಕರೆ, ಥೈರಾಯ್ಡ್ ನೋಡಲೇಬೇಕು ಅಂತ ಡಾಕ್ಟರು ಬರೆದಿಟ್ಟಿದ್ದಾರೆ.

ಈಗ ಊಟದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಯಾಕೆಂದರೆ ಒಂದೇ ಮನೆ, ಎರಡು ಬೆಕ್ಕು, ಎರಡು ಲೆಕ್ಕ.

ಲಸಿಕೆಗೆ ಉಪವಾಸ ಬೇಕಾಗಿಲ್ಲ. ಮಿನ್ನಿಯ ಉಪವಾಸ ಬರೀ ರಕ್ತದ ಪರೀಕ್ಷೆಗೆ. ಹೊಟ್ಟೆ ತುಂಬಿದ್ದಾಗ ರಕ್ತ ತೆಗೆದರೆ ಅದರಲ್ಲಿ ಕೊಬ್ಬು ತೇಲಿ ಸ್ಯಾಂಪಲ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಮಷೀನು ಸರಿಯಾದ ಲೆಕ್ಕ ಕೊಡುವುದಿಲ್ಲ. ಶುಕ್ರವಾರ ರಾತ್ರಿ 10ರ ಒಳಗೆ ಅವಳ ಊಟ ಮುಗಿಸಿ ತಟ್ಟೆ ತೊಳೆದಿಡಿ. ಆಮೇಲೆ ಬಿಸ್ಕೀಟಿಲ್ಲ, ಹಾಲಿಲ್ಲ, ಮೀನಿನ ತುಂಡೂ ಇಲ್ಲ. ನೀರು ಮಾತ್ರ ತೆಗೆಯಲೇಬೇಡಿ. ಹೊರಡುವ ಹೊತ್ತಿನವರೆಗೂ ಬಟ್ಟಲು ಅವಳ ಮುಂದಿರಲಿ. ಕಿಡ್ನಿ ಸೋತಿದ್ದರೆ ನೀರಿಲ್ಲದೆ ಒಂದು ರಾತ್ರಿಯೂ ಭಾರವಾಗುತ್ತದೆ.

ಗುಂಡನನ್ನು ಹಸಿವಿನಿಂದ ಇಡಬೇಡಿ. ಅಷ್ಟು ಚಿಕ್ಕ ಮರಿ ರಾತ್ರಿಯೆಲ್ಲ ಬರಿ ಹೊಟ್ಟೆಯಲ್ಲಿದ್ದರೆ ರಕ್ತದ ಸಕ್ಕರೆ ಇಳಿದು ಸುಸ್ತಾಗಿ ಬಿದ್ದುಬಿಡಬಹುದು. ಬೆಳಗ್ಗೆ 7ಕ್ಕೆ ಅವನಿಗೆ ದಿನಾ ಬೆಳಗ್ಗೆ ತಿನ್ನುವುದರ ಅರ್ಧದಷ್ಟು ತಿನ್ನಿಸಿ. ಹೊಟ್ಟೆ ಬಿರಿಯುವಷ್ಟು ಬೇಡ, ಆಟೋದಲ್ಲಿ ಕಕ್ಕಿಬಿಡುತ್ತಾನೆ. ಅವನು ತಿನ್ನುವಾಗ ಮಿನ್ನಿ ಬೇರೆ ಕೋಣೆಯಲ್ಲಿರಲಿ, ಬಾಗಿಲು ಹಾಕಿಕೊಳ್ಳಿ. ಮರಿ ಬಿಟ್ಟದ್ದನ್ನು ದೊಡ್ಡದು ನೆಕ್ಕಿ ಮುಗಿಸುವುದು ನಿಮಗೆ ಗೊತ್ತಿರುವುದೇ ಅಲ್ವಾ.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ಮನೆಯಲ್ಲಿ ಅಜ್ಜಿಗೆ ದಯವಿಟ್ಟು ಶುಕ್ರವಾರವೇ ಹೇಳಿಡಿ. ಹೋದ ವರ್ಷ ಬೆಳಗ್ಗೆ ಆರಕ್ಕೆ ಹಾಲಿನವನು ಬಂದಾಗ ಮಿನ್ನಿ ಮಿಯಾಂವ್ ಅಂದ್ಲು ಅಂತ ಅಜ್ಜಿ ಒಂದು ಬಟ್ಟಲು ಹಾಕಿಬಿಟ್ಟಿದ್ದರು. ನೀವು ಇಷ್ಟು ದೂರ ಬಂದು ರಕ್ತ ಕೊಡದೆ ವಾಪಸ್ ಹೋದ್ರಿ. ಅಜ್ಜಿ ಮಾಡಿದ್ದು ಪ್ರೀತಿಯಿಂದಲೇ, ಆದರೂ. ಶುಕ್ರವಾರ ರಾತ್ರಿ ಮಿನ್ನಿಯನ್ನು ಹೊರಗೂ ಬಿಡಬೇಡಿ. ಹಿತ್ತಲಲ್ಲಿ ಇಲಿ ಹಿಡಿದು ತಿಂದರೆ ನಮಗೆ ಹೇಳುವವರು ಯಾರು?

ಅಕಸ್ಮಾತ್ ತಿಂದೇಬಿಟ್ಟಿದ್ದರೆ ಮುಚ್ಚಿಡಬೇಡಿ, ಬಂದು ಹೇಳಿ. ಲಸಿಕೆ ಹಾಕಿ ಕಳಿಸುತ್ತೇವೆ, ರಕ್ತಕ್ಕೆ ಬೇರೆ ದಿನ ನೋಡೋಣ. ಮಿನ್ನಿಯ ಊಟವನ್ನು ಡಬ್ಬಿಯಲ್ಲಿ ಹಾಕಿ ತನ್ನಿ, ರಕ್ತ ತೆಗೆದ ಕೂಡಲೇ ಇಲ್ಲೇ ಕೊಡಬಹುದು.

ಕ್ಯಾರಿಯರ್ ಬಗ್ಗೆ. ಎರಡು ಬೆಕ್ಕಿಗೆ ಎರಡು ಬೇಕು. ಮನೆಯಲ್ಲಿ ಎಷ್ಟೇ ಗೆಳೆತನ ಇದ್ದರೂ ಹೆದರಿದಾಗ ಮಿನ್ನಿ ಮರಿಯ ಮೇಲೆಯೇ ಕೈ ಮಾಡುತ್ತಾಳೆ. ನಿಮ್ಮ ಹತ್ತಿರ ಒಂದೇ ಇದೆ ಅಂತ ನೆನಪು. ಇನ್ನೊಂದು ನಮ್ಮಲ್ಲಿದೆ, ಬುಧವಾರದೊಳಗೆ ಯಾರನ್ನಾದರೂ ಕಳಿಸಿ ಒಯ್ಯಿರಿ. ಸುಮ್ನೆ ಜೋಳದ ಚೀಲದಲ್ಲೋ ಕೈಚೀಲದಲ್ಲೋ ತರಬೇಡಿ. ಕಳೆದ ಮಳೆಗಾಲದಲ್ಲಿ ಒಬ್ಬರು ಹಾಗೆ ತಂದಿದ್ದರು. ನಮ್ಮ ಬಾಗಿಲಲ್ಲೇ ನಾಯಿ ಬೊಗಳಿತು, ಬೆಕ್ಕು ಜಿಪ್ ಹರಿದುಕೊಂಡು ಓಡಿತು. ಮೂರು ದಿನ ಆ ಓಣಿಯೆಲ್ಲ ಹುಡುಕಿದೆವು. ಸಿಕ್ಕಿತು, ಪುಣ್ಯ.

ಎರಡೂ ಕ್ಯಾರಿಯರನ್ನು ಬುಧವಾರದಿಂದಲೇ ಬಾಗಿಲು ತೆರೆದು ಅವರು ಮಲಗುವ ಜಾಗದಲ್ಲಿಡಿ. ನಿಮ್ಮ ಹಳೆ ಸೀರೆಯ ತುಂಡು ಹಾಸಿ, ತೊಳೆದದ್ದು ಬೇಡ, ನಿಮ್ಮ ವಾಸನೆ ಇರಲಿ. ದಿನಾ ಒಂದು ಹೊತ್ತಿನ ಊಟ ಅದರೊಳಗೇ ಕೊಡಿ. ಹೊರಡುವ ಗಳಿಗೆಯಲ್ಲಿ ಅಟ್ಟದಿಂದ ಧೂಳಿನ ಡಬ್ಬ ಇಳಿಸಿದರೆ ಮಿನ್ನಿ ಮಂಚದ ಕೆಳಗೆ ಸೇರುತ್ತಾಳೆ, ಆಮೇಲೆ ಒಂಬತ್ತು ಗಂಟೆ ಹನ್ನೊಂದಾಗುತ್ತದೆ. ಶುಕ್ರವಾರ ಸಂಜೆ ಚಿಲಕ, ಹಿಡಿಕೆ, ಪಕ್ಕದ ಕ್ಲಿಪ್ಪು ಎಲ್ಲ ಎಳೆದು ನೋಡಿ. ಬಟ್ಟೆಯ ಕೆಳಗೆ ಎರಡು ಹಾಳೆ ಪೇಪರ್ ಹಾಕಿ. ಒಳಗೆ ನೀರಿನ ಬಟ್ಟಲು ಬೇಡ, ಚೆಲ್ಲುತ್ತದೆ.

ದಾರಿಯಲ್ಲಿ ಮೇಲೆ ತೆಳು ಟವೆಲ್ ಮುಚ್ಚಿ, ಕತ್ತಲಿದ್ದರೆ ಸುಮ್ಮನಿರುತ್ತವೆ. ಈ ಮಳೆಗೆ ಪ್ಲಾಸ್ಟಿಕ್ ಹೊದಿಸುವುದಾದರೆ ಗಾಳಿಯ ತೂತು ಬಿಟ್ಟು ಹೊದಿಸಿ. ಸ್ಕೂಟರಿನ ಕೊಕ್ಕೆಗೆ ನೇತು ಹಾಕಬೇಡಿ, ಆಟೋದಲ್ಲಿ ಬನ್ನಿ. ರೈಲ್ವೆ ಗೇಟ್ ಬಿದ್ದರೆ ಹತ್ತು ನಿಮಿಷ ಅಲ್ಲೇ ಹೋಗುತ್ತದೆ, ಸ್ವಲ್ಪ ಮುಂಚೆ ಹೊರಡಿ. ಇಲ್ಲಿಗೆ ಬಂದ ಮೇಲೆ ಕ್ಯಾರಿಯರನ್ನು ನೆಲಕ್ಕೆ ಇಡದೆ ಬೆಂಚಿನ ಮೇಲಿಡಿ. ಒಳಗೆ ನಾಯಿ ಇದ್ದರೆ ಆಟೋದಲ್ಲೇ ಕೂತು ಫೋನ್ ಮಾಡಿ, ನಾವೇ ಕರೆಯುತ್ತೇವೆ.

ಇಬ್ಬರ ಲಸಿಕೆ ಪುಸ್ತಕ ಮರೆಯಬೇಡಿ, ಬಾಟಲಿಯ ಸ್ಟಿಕ್ಕರ್ ಅದರಲ್ಲೇ ಅಂಟಿಸಬೇಕು. ಎರಡು ದಿನದಲ್ಲಿ ವಾಂತಿ, ಭೇದಿ, ಜ್ವರ, ಸೀನು ಏನಾದರೂ ಕಂಡಿದ್ದರೆ ಬರುವ ಮುಂಚೆಯೇ ತಿಳಿಸಿ. ಡಾಕ್ಟರು ಮೊದಲು ಮೈ ಮುಟ್ಟಿ ನೋಡುತ್ತಾರೆ, ಬೇಡ ಅನ್ನಿಸಿದರೆ ಲಸಿಕೆ ಮುಂದಕ್ಕೆ ಹಾಕುತ್ತಾರೆ.

ಸೂಜಿ ಆದ ಮೇಲೆ ಇಪ್ಪತ್ತು ನಿಮಿಷ ಇಲ್ಲೇ ಕೂತಿರಿ. ಮುಖ ಊದಿದರೆ, ಮೇಲಿಂದ ಮೇಲೆ ವಾಂತಿಯಾದರೆ, ಉಸಿರು ಕಷ್ಟವಾದರೆ ಕೂಡಲೇ ಹೇಳಿ. ಮನೆಗೆ ಹೋದ ಮೇಲೆ ಹೀಗಾದರೂ ಕಾಯದೆ ಬಂದುಬಿಡಿ. ಒಂದು ದಿನ ಮಂಕಾಗಿ ಮಲಗಿದರೆ ಹೆದರಬೇಡಿ. ಮೈ ಬಿಸಿ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ, ಬೆಕ್ಕಿಗೆ ಅದು ವಿಷ, ಅರ್ಧ ಗುಳಿಗೆಯೂ ಜೀವ ತೆಗೆಯಬಹುದು. ಸೂಜಿ ಚುಚ್ಚಿದಲ್ಲಿ ಸಣ್ಣ ಗಂಟು ಬಂದರೆ ತಾನಾಗಿ ಕರಗುತ್ತದೆ. ತಿಂಗಳಾದರೂ ದೊಡ್ಡದಾಗುತ್ತಲೇ ಇದ್ದರೆ ತೋರಿಸಿ.

ಗುಂಡ ಆಡುವಾಗ ಅಜ್ಜಿಯ ಕೈ ಪರಚುತ್ತಾನೆ ಅಂದಿದ್ರಿ. ರೇಬೀಸ್ ಲಸಿಕೆ ಹಾಕಿದ ದಿನವೇ ಅದರ ರಕ್ಷಣೆ ಸಿಗುವುದಿಲ್ಲ, ಕೆಲವು ವಾರ ಬೇಕು. ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಮನುಷ್ಯರ ಡಾಕ್ಟರಿಗೆ ತೋರಿಸಿ. ಅರಿಶಿನ, ಸುಣ್ಣ ಹಚ್ಚಬೇಡಿ.

ನಿಮ್ಮ ಲಸಿಕೆ ಫ್ರಿಜ್ಜಿನಲ್ಲಿ ತೆಗೆದಿಟ್ಟಿದ್ದೇವೆ. ಬರಲು ಆಗದಿದ್ದರೆ ಶುಕ್ರವಾರ ಸಂಜೆ 6ರ ಒಳಗೆ ತಿಳಿಸಿದರೆ ಆ ಟೈಮ್ ಬೇರೆಯವರಿಗೆ ಕೊಡುತ್ತೇವೆ. ಬರುವುದಾದರೆ ಈ ಮೆಸೇಜಿಗೆ ‘ಬರ್ತೀವಿ’ ಅಂತ ಒಂದು ಮಾತು ಹಾಕಿ. ಎರಡನೇ ಕ್ಯಾರಿಯರ್ ಒಯ್ಯಲು ಯಾರು ಬರುತ್ತಾರೆ ಅನ್ನುವುದನ್ನೂ ಅದರಲ್ಲೇ ಬರೆಯಿರಿ.