ಕಾಫಿ ಕಣದಿಂದ ಮೊದಲ ಹೂಡಿಕೆ: ವಿಡಿಯೊ ಸ್ಕ್ರಿಪ್ಟ್

(0:00. ಮನೆ ಮುಂದಿನ ಕಣ. ಹರಡಿದ ರೊಬಸ್ಟಾ ಒಣಗುತ್ತಿದೆ. ಸಂಗೀತ ಬೇಡ. ನೇರ ಕ್ಯಾಮೆರಾ ನೋಡಿ ಮಾತು.)

ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ಮನೆ ಕಣದಿಂದ ಮಾತಾಡುತ್ತಿದ್ದೇನೆ. ಷೇರಿಗೋ ಮ್ಯೂಚುವಲ್ ಫಂಡಿಗೋ ಹಾಕಿದ ದುಡ್ಡು ಕಡಿಮೆಯಾಗಬಹುದು. ಒಂದು ಲಕ್ಷ ಹಾಕಿದ್ದರೆ ಅದು ಅರವತ್ತು ಸಾವಿರಕ್ಕೆ ಇಳಿಯಬಹುದು. ಮತ್ತೆ ಏರಲು ವರ್ಷಗಳು ಹಿಡಿಯಬಹುದು, ಏರದೆಯೂ ಇರಬಹುದು. ಇಷ್ಟು ಲಾಭ ಬಂದೇ ಬರುತ್ತದೆ ಎಂದು ನಾನು ಹೇಳುವುದಿಲ್ಲ. ನಾನು ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರ್ತಿ ಅಲ್ಲ. ಇಂಥದ್ದನ್ನೇ ಕೊಳ್ಳಿ ಎಂದೂ ಹೇಳುವುದಿಲ್ಲ.

(0:10ರಿಂದ 0:30ರವರೆಗೆ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ: ಹಾಕಿದ ದುಡ್ಡು ಕಳೆದುಹೋಗಬಹುದು. ಲಾಭಕ್ಕೆ ಗ್ಯಾರಂಟಿ ಇಲ್ಲ.)

ಇದನ್ನು ಕೇಳಿ ಹೂಡಿಕೆ ಬೇಡ ಅನ್ನಿಸಿದರೆ ವಿಡಿಯೊ ಇಲ್ಲೇ ನಿಲ್ಲಿಸಬಹುದು. ಅದರಲ್ಲಿ ತಪ್ಪೇನೂ ಇಲ್ಲ.

(0:35. ಕೈಯಲ್ಲಿ ಒಂದು ಹಿಡಿ ಚೆರಿ. ಹತ್ತಿರದ ಶಾಟ್.)

ರೇಟು ಏರಿಳಿಯುವುದು ಕೊಡಗಿನವರಿಗೆ ಹೊಸದಲ್ಲ. 2020ರ ಸುಮಾರಿಗೆ ಐವತ್ತು ಕಿಲೋ ರೊಬಸ್ಟಾ ಚೆರಿ ಚೀಲಕ್ಕೆ ನಾಲ್ಕು ಸಾವಿರ ಸಿಗುವುದೇ ಕಷ್ಟವಿತ್ತು. 2024ರಲ್ಲಿ ಹತ್ತು ಸಾವಿರ ಮುಟ್ಟಿತು. ಮುಂದಿನ ವರ್ಷ ಎಷ್ಟು? ನಮ್ಮ ಊರಿನ ಯಾವ ವ್ಯಾಪಾರಿಯೂ ಬರೆದುಕೊಡುವುದಿಲ್ಲ. ಹೂಮಳೆ ಬರಬೇಕು, ಸರಿಯಾದ ಹೊತ್ತಿಗೆ ಬರಬೇಕು, ಬ್ರೆಜಿಲ್‌ನಲ್ಲಿ, ವಿಯೆಟ್ನಾಂನಲ್ಲಿ ಬೆಳೆ ಹೇಗಿದೆ ಅನ್ನುವುದೂ ಸೇರಬೇಕು. ಕಾಫಿ ವಿಷಯದಲ್ಲಿ ಇಷ್ಟು ತಿಳಿದ ನಾವೇ, ಫೋನಿನಲ್ಲಿ ಯಾರೋ "ತಿಂಗಳಿಗೆ ನೂರಕ್ಕೆ ಮೂರು ಗ್ಯಾರಂಟಿ" ಅಂದರೆ ನಂಬಿಬಿಡುತ್ತೇವೆ.

(1:20. ಜಗಲಿ. ಹಳೆಯ ಉದ್ದನೆಯ ಲೆಕ್ಕದ ಪುಸ್ತಕ. ಪುಟ ತೋರಿಸುವುದು.)

ಇದು ನಮ್ಮ ಅಪ್ಪನ ಪುಸ್ತಕ. ಒಳ್ಳೆಮೆಣಸು ಮಾರಿದ ಮೂರು ಲಕ್ಷ ರೂಪಾಯಿಯನ್ನು ಪರಿಚಯದವರೊಬ್ಬರ ಕೈಗೆ ಕೊಟ್ಟಿದ್ದರು. ನೀಲಿ ಇಂಕಿನಲ್ಲಿ ನೋಡಿ: 9,000. ಕೆಳಗೆ ಮತ್ತೆ 9,000. ಹೀಗೆ ಎಂಟು ಸಾಲು. ಒಂಬತ್ತನೇ ತಿಂಗಳ ಹೆಸರು ಬರೆದಿದ್ದಾರೆ, ಮುಂದೆ ಮೊತ್ತ ಇಲ್ಲ. ಫೋನ್ ಸ್ವಿಚ್ ಆಫ್. ಅಪ್ಪನ ಕೈಗೆ ವಾಪಸ್ ಬಂದದ್ದು ಒಟ್ಟು 72,000. ಅದು ಬಡ್ಡಿಯಲ್ಲ, ಅವರದೇ ದುಡ್ಡನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಕೊಟ್ಟದ್ದು ಎಂದೇ ಈಗ ನನಗೆ ಅನ್ನಿಸುತ್ತದೆ. ಅಪ್ಪ ದಡ್ಡರಲ್ಲ. ಮೊದಲ ತಿಂಗಳು ಸರಿಯಾಗಿ ಬಂತು, ಎರಡನೆಯದೂ ಬಂತು. ಅಲ್ಲಿಗೆ ನಂಬಿಕೆ ಗಟ್ಟಿಯಾಯಿತು. ಈ ವಿಡಿಯೊ ಮಾಡಲು ಕಾರಣ ಈ ಪುಟವೇ.

ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು. ಮಾತು ಕೊಟ್ಟವರನ್ನು ಒಂದೇ ಪ್ರಶ್ನೆ ಕೇಳಿ: ಅಷ್ಟು ದುಡಿಯುವ ದಾರಿ ನಿಮ್ಮ ಹತ್ತಿರ ಇದ್ದರೆ ನನ್ನ ದುಡ್ಡು ಯಾಕೆ ಬೇಕು?

(2:30. ಸೌದೆ ಕೊಟ್ಟಿಗೆ.)

ಹೂಡಿಕೆಗೆ ಮೊದಲು ಮಾಡುವ ಕೆಲಸ ಇಲ್ಲಿದೆ. ಜೂನ್ ಮಳೆ ಹಿಡಿಯುವ ಮುಂಚೆ ಸೌದೆ ಒಳಗೆ ಹಾಕುತ್ತೇವೆ, ಅಲ್ವಾ? ದುಡ್ಡಿಗೂ ಹಾಗೊಂದು ಕೊಟ್ಟಿಗೆ ಬೇಕು. ಮಕ್ಕಳ ಫೀಸು, ಆಳುಗಳ ಕೂಲಿ, ಗೊಬ್ಬರ, ಆಸ್ಪತ್ರೆ. ಇವಕ್ಕೆ ಬೇಕಾದ್ದು ಬ್ಯಾಂಕಿನಲ್ಲೇ ಇರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎಷ್ಟು ಮನೆಗಳು ಒಂದೇ ರಾತ್ರಿಯಲ್ಲಿ ಖಾಲಿಯಾದವು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಷೇರುಪೇಟೆಯೂ ಬಿದ್ದಿದ್ದರೆ ನಷ್ಟಕ್ಕೇ ಮಾರಬೇಕಾಗುತ್ತದೆ. ಕೈಸಾಲಕ್ಕೆ ಜಾಸ್ತಿ ಬಡ್ಡಿ ಕಟ್ಟುತ್ತಿದ್ದರೆ ಮೊದಲು ಅದನ್ನು ತೀರಿಸಿ.

(ಒಳಗಿನಿಂದ ಚಿಕ್ಕಮ್ಮ ಬರುತ್ತಾರೆ. ಈ ಮಾತು ಕತ್ತರಿಸಬೇಡಿ, ಹಾಗೇ ಇರಲಿ.)

ಚಿಕ್ಕಮ್ಮ: ಎಲ್ಲಾ ಬ್ಯಾಂಕಲ್ಲೇ ಇಟ್ಟರೆ ಆಗಲ್ವಾ ಮಗಳೇ? ನನಗೆ ಈ ಷೇರೆಲ್ಲ ಭಯ.

ನಾನು: ಇಡಬಹುದು ಚಿಕ್ಕಮ್ಮ. ಬ್ಯಾಂಕ್ ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ ಐದು ಲಕ್ಷದವರೆಗೆ ವಿಮೆ ಇದೆ. ಆದರೆ ನಮ್ಮೂರಿನ ಪ್ರಾಥಮಿಕ ಕೃಷಿ ಸಹಕಾರ ಸಂಘದಲ್ಲಿಟ್ಟ ಠೇವಣಿಗೆ ಆ ವಿಮೆ ಇಲ್ಲ. ಅದು ಗೊತ್ತಿರಲಿ.

ಚಿಕ್ಕಮ್ಮ: ಮತ್ತೆ ನೀನು ಯಾಕೆ ಫಂಡಿಗೆ ಹಾಕ್ತೀಯ?

ನಾನು: ಸಾಮಾನಿನ ಬೆಲೆ ಏರಿದ ಹಾಗೆ ಎಫ್‌ಡಿಯ ದುಡ್ಡಿಗೆ ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ. ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಸ್ವಲ್ಪ ದುಡ್ಡನ್ನು ಮಾತ್ರ ಅಲ್ಲಿಗೆ ಹಾಕುತ್ತೇನೆ. ನಿಮ್ಮದು ಮುಂದಿನ ವರ್ಷ ಮಗನ ಮದುವೆಗೆ ಬೇಕು. ನೀವು ಹಾಕಬೇಡಿ.

(3:50. ಮತ್ತೆ ಕಣ.)

ಮ್ಯೂಚುವಲ್ ಫಂಡ್ ಅಂದರೆ ತುಂಬ ಜನರ ದುಡ್ಡು ಒಟ್ಟು ಸೇರಿಸಿ ಷೇರು, ಸಾಲಪತ್ರ ಕೊಳ್ಳುವುದು. ಇಂಡೆಕ್ಸ್ ಫಂಡ್ ಅದರಲ್ಲೇ ಸರಳವಾದದ್ದು. ಉದಾಹರಣೆಗೆ, ನಿಫ್ಟಿ 50 ಅನ್ನುವ ಪಟ್ಟಿಯ ಐವತ್ತು ದೊಡ್ಡ ಕಂಪನಿಗಳನ್ನು ಅದೇ ಪ್ರಮಾಣದಲ್ಲಿ ಕೊಳ್ಳುತ್ತದೆ. ಐವತ್ತು ಕಂಪನಿ ಇದ್ದರೂ ಬೀಳುವಾಗ ಎಲ್ಲ ಒಟ್ಟಿಗೆ ಬೀಳಬಹುದು. ಲೆಕ್ಕ ನೋಡಿ.

(ಪರದೆಯ ಮೇಲೆ: ನಿಫ್ಟಿ 50. 14 ಜನವರಿ 2020: 12,362. 23 ಮಾರ್ಚ್ 2020: 7,610.)

ಎರಡು ತಿಂಗಳು, ಅಷ್ಟೇ. ಒಂದು ಲಕ್ಷ ಸುಮಾರು 61,500 ಆಯಿತು. ಆ ನವೆಂಬರ್‌ಗೆ ಮತ್ತೆ ಹಳೆಯ ಮಟ್ಟ ದಾಟಿತು ನಿಜ. ಆದರೆ 2008ರ ಜನವರಿಯಲ್ಲಿ ಹಾಕಿದವರಿಗೆ ಅಷ್ಟು ಬೇಗ ಬಿಡುಗಡೆ ಸಿಗಲಿಲ್ಲ. ಆ ಮಟ್ಟ ದಾಟಿ ಗಟ್ಟಿಯಾಗಿ ನಿಲ್ಲಲು ಸುಮಾರು ಆರು ವರ್ಷ ಹಿಡಿಯಿತು. ಹಿಂದೆ ಎದ್ದಿತು ಎಂದ ಮಾತ್ರಕ್ಕೆ ಮುಂದೆಯೂ ಏಳಲೇಬೇಕೆಂದಿಲ್ಲ. 61,500 ಅನ್ನುವ ಅಂಕಿ ನೋಡುತ್ತಾ ನಿಮಗೆ ನಿದ್ದೆ ಬರುತ್ತದಾ? ಬರುವುದಿಲ್ಲ ಅನ್ನಿಸಿದರೆ ಹಾಕುವ ಮೊತ್ತ ಇಳಿಸಿ.

ಪ್ರತಿ ಫಂಡಿನ ಕಾಗದದಲ್ಲೂ ರಿಸ್ಕೋಮೀಟರ್ ಅಂತ ಗಡಿಯಾರದಂಥ ಚಿತ್ರ ಇರುತ್ತದೆ. ಆರು ಹಂತ. ಷೇರಿನ ಫಂಡುಗಳ ಮುಳ್ಳು ಸಾಮಾನ್ಯವಾಗಿ ಕೊನೆಯ ಹಂತದಲ್ಲೇ, ಅಂದರೆ ತುಂಬ ಹೆಚ್ಚು ಅಪಾಯ ಅನ್ನುವ ಕಡೆಯೇ ನಿಂತಿರುತ್ತದೆ. ಫಂಡ್ ನಡೆಸಲು ನಮ್ಮ ದುಡ್ಡಿನಿಂದ ಕಳೆಯುವ ಖರ್ಚಿನ ಪ್ರಮಾಣವನ್ನೂ ಓದಿ. ಅದೇ ಫಂಡನ್ನು ಡೈರೆಕ್ಟ್ ಪ್ಲಾನ್‌ನಲ್ಲಿ ಕೊಂಡರೆ ಏಜೆಂಟರ ಕಮಿಷನ್ ಇರುವುದಿಲ್ಲ.

(5:30. ಕಾಫಿ ಚೀಲಗಳ ಪಕ್ಕ.)

ಸಿಪ್ ಅಂದರೆ ಫಂಡಿಗೆ ಕಂತಿನಲ್ಲಿ ದುಡ್ಡು ಹಾಕುವುದು. ಅದರ ಬಗ್ಗೆ ಎಲ್ಲರೂ "ತಿಂಗಳಿಗೆ ಇಷ್ಟು ಕಟ್ಟಿ" ಅನ್ನುತ್ತಾರೆ. ಸಂಬಳದವರಿಗೆ ಅದು ಸರಿ. ನಮಗೆ ದುಡ್ಡು ಬರುವುದು ಕಾಫಿ ಮಾರಿದಾಗ, ವರ್ಷಕ್ಕೊಮ್ಮೆ. ಸೆಪ್ಟೆಂಬರ್‌ನಲ್ಲಿ ಖಾತೆ ಖಾಲಿ, ಕಂತು ವಾಪಸ್, ಬ್ಯಾಂಕಿನಿಂದ ದಂಡ. ನಾನು ಮಾಡುವುದು ಹೀಗೆ: ಚೀಲ ಮಾರಿದ ದಿನವೇ ಹನ್ನೆರಡು ಕಂತಿನ ದುಡ್ಡನ್ನು ಬೇರೆ ಉಳಿತಾಯ ಖಾತೆಗೆ ಹಾಕಿಬಿಡುತ್ತೇನೆ. ತಿಂಗಳಿಗೆ 500ರಂತೆ ಅಂದರೆ 6,000. ಕಂತು ಅಲ್ಲಿಂದಲೇ ಹೋಗುತ್ತದೆ. ಸಿಪ್ ಮಾಡಿದರೆ ನಷ್ಟವೇ ಆಗುವುದಿಲ್ಲ ಅನ್ನುವುದು ಸುಳ್ಳು. ಎಲ್ಲ ದುಡ್ಡೂ ಪೇಟೆ ಮೇಲಿರುವ ದಿನವೇ ಒಳಗೆ ಹೋಗುವುದು ತಪ್ಪುತ್ತದೆ, ಅಷ್ಟೇ.

ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವಂಥ ಫ್ಯೂಚರ್ಸ್, ಆಪ್ಶನ್ಸ್ ಕಡೆ ಮಾತ್ರ ದಯವಿಟ್ಟು ಹೋಗಬೇಡಿ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳ ಲೆಕ್ಕ ತೆಗೆದು ಸೆಬಿಯೇ ಹೇಳಿದೆ: ಅದರಲ್ಲಿ ಆಡಿದ ನೂರು ಜನರಲ್ಲಿ 93 ಜನ ನಷ್ಟ ಮಾಡಿಕೊಂಡಿದ್ದಾರೆ. ನಮ್ಮೂರಿನ ಹುಡುಗರು ಇದನ್ನು ಎರಡು ಸಲ ಕೇಳಲಿ.

(6:40. ಫೋನ್ ಕೈಯಲ್ಲಿ.)

ಸಲಹೆ ಬೇಕಿದ್ದರೆ sebi.gov.in ನಲ್ಲಿ ನೋಂದಾಯಿತ ಸಲಹೆಗಾರರ ಪಟ್ಟಿ ಇದೆ. ಹೆಸರು, ನೋಂದಣಿ ಸಂಖ್ಯೆ ತಾಳೆ ನೋಡಿ. ಆನ್‌ಲೈನ್‌ನಲ್ಲಿ ಮೋಸ ಹೋದರೆ ನಾಚಿಕೆಯಿಂದ ಸುಮ್ನೆ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಪ್ಪ ಮೂರು ತಿಂಗಳು ಅಮ್ಮನಿಗೂ ಹೇಳಿರಲಿಲ್ಲ.

ನಿಮ್ಮ ಫಂಡಿನ ಮುಳ್ಳು ಯಾವ ಹಂತದಲ್ಲಿದೆ ಎಂದು ಕಾಮೆಂಟ್‌ನಲ್ಲಿ ಬರೆಯಿರಿ. ಮೊತ್ತ ಬರೆಯಬೇಡಿ, ಫೋನ್ ನಂಬರ್ ಬರೆಯಬೇಡಿ. ನನ್ನ ಫೋಟೊ ಹಾಕಿಕೊಂಡು ಯಾರಾದರೂ ವಾಟ್ಸಾಪ್ ಗುಂಪಿಗೆ ಕರೆದರೆ ಅದು ನಾನಲ್ಲ. ನನಗೆ ಯಾವ ಗುಂಪೂ ಇಲ್ಲ.