ಇವತ್ತು ಬೆಳಿಗ್ಗೆ ತಪ್ಪಿ ಬಂದ ಮೇಲ್ ದಯವಿಟ್ಟು ಡಿಲೀಟ್ ಮಾಡಿ

ಮಂಜುನಾಥ್ ಸರ್, ನಮಸ್ಕಾರ.

ಬೆಳಿಗ್ಗೆ 11:20ಕ್ಕೆ ನನ್ನಿಂದ ನಿಮಗೊಂದು ಮೇಲ್ ಬಂದಿದೆ. ‘ಸೆಪ್ಟೆಂಬರ್ GSTR-3B ಲೆಕ್ಕ’ ಅಂತ ವಿಷಯ, ಜೊತೆಗೆ ಒಂದು ಎಕ್ಸೆಲ್ ಫೈಲ್, ಒಂದು ಬ್ಯಾಂಕ್ ಸ್ಟೇಟ್‌ಮೆಂಟ್. ಅದು ನಿಮ್ಮದಲ್ಲ, ನಮ್ಮ ಇನ್ನೊಬ್ಬ ಕ್ಲೈಂಟ್‌ದು. ಅವರ ಹೆಸರೂ ಮಂಜು ಅಂತಲೇ ಶುರುವಾಗುತ್ತೆ. ಮೂರಕ್ಷರ ಟೈಪ್ ಮಾಡುತ್ತಿದ್ದಂತೆ ನಿಮ್ಮ ವಿಳಾಸ ಮೇಲೆ ಬಂತು, ನಾನು ಸರಿಯಾಗಿ ನೋಡದೆ ಕಳಿಸಿಬಿಟ್ಟೆ. ತಪ್ಪು ಪೂರ್ತಿ ನನ್ನದೇ. ಕ್ಷಮಿಸಿ.

ಅದರಲ್ಲಿ ಅವರ ಪ್ಯಾನ್, ಖಾತೆ ನಂಬರ್, ಯಾರಿಂದ ಎಷ್ಟು ಮಾಲು ತಗೊಂಡರು ಅನ್ನೋದೆಲ್ಲ ಇದೆ. ವ್ಯಾಪಾರ ಮಾಡೋರು ನೀವು, ಅದು ಎಷ್ಟು ಸೂಕ್ಷ್ಮ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾಗಿ ಒಂದು ಕೋರಿಕೆ. ಫೈಲ್ ತೆರೆದಿಲ್ಲದಿದ್ದರೆ ತೆರೆಯಬೇಡಿ. ಮೇಲ್ ಡಿಲೀಟ್ ಮಾಡಿ, ಆಮೇಲೆ ಟ್ರ್ಯಾಶ್‌ನಿಂದಲೂ ತೆಗೆದುಬಿಡಿ. ಜಿಮೇಲ್‌ನಲ್ಲಿ ಅದು ಅಲ್ಲಿ 30 ದಿನ ಹಾಗೇ ಕೂತಿರುತ್ತೆ. ಮೊಬೈಲ್‌ನಲ್ಲಿ ಡೌನ್‌ಲೋಡ್ ಆಗಿದ್ದರೆ ಅದನ್ನೂ ಅಳಿಸಿ. ನಿಮ್ಮ ಅಕೌಂಟೆಂಟ್‌ಗೆ ಫಾರ್ವರ್ಡ್ ಆಗಿದ್ದರೆ ಅವರಿಗೂ ಹೇಳಿ, ನನಗೂ ತಿಳಿಸಿ. ಮುಗಿದ ಮೇಲೆ ‘ಡಿಲೀಟ್ ಆಯ್ತು’ ಅಂತ ಒಂದು ಸಾಲು ಬರೆದರೆ ಸಾಕು.

ಆ ಕ್ಲೈಂಟ್‌ಗೂ ಫೋನ್ ಮಾಡಿ ನಡೆದದ್ದನ್ನು ಹೇಳಿದ್ದೇನೆ.

‘ಹಾಗಾದರೆ ನನ್ನ ಲೆಕ್ಕ ಯಾರಿಗೆ ಹೋಯ್ತು?’ ಅಂತ ನಿಮಗೆ ಅನ್ನಿಸೋದು ಸಹಜ ಅಲ್ವಾ? ಕಳಿಸಿದ ಮೇಲ್‌ಗಳನ್ನೆಲ್ಲ ಈಗಷ್ಟೇ ನೋಡಿದೆ. ನಿಮ್ಮದು ಯಾರಿಗೂ ಹೋಗಿಲ್ಲ. ಸಂಜೆಯೊಳಗೆ ಪಾಸ್‌ವರ್ಡ್ ಹಾಕಿ ನಿಮಗೇ ಕಳಿಸುತ್ತೇನೆ, ಪಾಸ್‌ವರ್ಡ್ ಫೋನಿನಲ್ಲಿ ಹೇಳುತ್ತೇನೆ. 20ನೇ ತಾರೀಖಿನೊಳಗೆ ರಿಟರ್ನ್ ಹಾಕಲು ತೊಂದರೆ ಆಗಲ್ಲ.

ಇಂತಿ,
ಸವಿತಾ
ತೆರಿಗೆ ಸಲಹೆಗಾರರು, ದಾವಣಗೆರೆ