ಪಾಯಿಂಟ್ ಆರು

ತಿಪಟೂರಿನ ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪಿನಲ್ಲಿ ಸಂಜೆ ಹೊತ್ತು ಕಾಲಿಡೋಕೂ ಜಾಗ ಇರಲಿಲ್ಲ. ಸವಿತಾ ಮಗುವನ್ನು ಹೆಗಲ ಮೇಲೆ ಹಾಕಿಕೊಂಡೇ ಚೀಟಿ ಚಾಚಿದಳು. ಬೆಳಿಗ್ಗೆ ಒಂದೂವರೆ ತಿಂಗಳ ಚುಚ್ಚುಮದ್ದು ಆಗಿತ್ತು. ತೊಡೆ ಕೆಂಪಗೆ ಊದಿ, ಮೈ ಕಾದಿತ್ತು.

ಹುಡುಗ ಜ್ವರದ ಡ್ರಾಪ್ಸ್ ತೆಗೆದ. ಡಬ್ಬದ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ ಬರೆದ: 6 ಎಂಎಲ್, ಮೂರು ಹೊತ್ತು.

ಮನೆಗೆ ಹೋಗಿ ಬಿಚ್ಚಬಹುದಿತ್ತು. ಮಗು ಚೀರುತ್ತಿತ್ತು, ಅಲ್ಲೇ ಒಂದು ಸಲ ಹಾಕಿಬಿಡೋಣ ಅಂತ ಬಿಚ್ಚಿದಳು. ಹೆಬ್ಬೆರಳಿನಷ್ಟು ಬಾಟಲಿ. ಡ್ರಾಪರ್ ಮೇಲೆ ಸಣ್ಣ ಸಣ್ಣ ಗೆರೆ, ಎಲ್ಲಕ್ಕಿಂತ ಮೇಲಿನದು 1.

"ತಮ್ಮಾ, ಇದ್ರಲ್ಲಿ ಆರು ಎಲ್ಲಿದೆ?"

"ಆರು ಸಲ ತುಂಬಿ ಹಾಕಿ ಅಕ್ಕಾ. ಮುಂದೆ ಯಾರು?"

ಅವಳು ಜರುಗಲಿಲ್ಲ. ಬಾಟಲಿ ತಿರುಗಿಸಿ ನೋಡಿದಳು. 15 ಎಂಎಲ್. ಆರು ಮೂರಲೆ ಹದಿನೆಂಟು. ಒಂದು ದಿನಕ್ಕೂ ಸಾಲದ ಬಾಟಲಿಯನ್ನು ಡಾಕ್ಟ್ರು ಯಾಕೆ ಬರೀತಾರೆ? ಒಳಲೆಯಲ್ಲಿ ಹಾಲು ಹಾಕಿದರೇ ಅರ್ಧ ಕಟಬಾಯಲ್ಲಿ ಸುರಿಸೋ ಕೂಸು ಇದು.

"ನಾನು ಹೋಗಲ್ಲ. ಓನರ್‌ನ ಕರೀರಿ."

ಹಿಂದಿನಿಂದ ಯಾರೋ ಗೊಣಗಿದರು, ಬಸ್ ಹೋಗುತ್ತೆ ಅಂತ. ಓನರ್ ಕನ್ನಡಕ ಏರಿಸಿಕೊಂಡು ಬಂದ. ಚೀಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದ. ಮಡಿಕೆ ಬಿದ್ದ ಜಾಗದಲ್ಲಿ, ಆರರ ಎಡಕ್ಕೆ, ಸೊಳ್ಳೆ ಕೂತಷ್ಟು ಒಂದು ಚುಕ್ಕಿ. ಚುಕ್ಕಿಗೂ ಮೊದಲು ಸೊನ್ನೆ ಇರಲಿಲ್ಲ.

"ಮಗು ತೂಕ ಎಷ್ಟಮ್ಮಾ?"

"ಬೆಳಿಗ್ಗೆ ನಾಲ್ಕು ಕೆಜಿ ಇತ್ತು."

ಅವನು ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ತುಟಿ ಅಲ್ಲಾಡಿತು. ಕೆಜಿಗೆ ಹದಿನೈದು ಮಿಲಿಗ್ರಾಂ, ಅಂದ್ರೆ ಅರವತ್ತು. ಡ್ರಾಪ್ಸ್ ಒಂದು ಎಂಎಲ್‌ಗೆ ನೂರು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದ. "ಪಾಯಿಂಟ್ ಆರು ತಾನೇ ಸಾರ್? ಹ್ಞಾಂ... ಇಲ್ಲ ಇಲ್ಲ, ಇನ್ನೂ ಹಾಕಿಲ್ಲ."

ಫೋನ್ ಇಟ್ಟವನು ಹುಡುಗನ ಕಡೆ ತಿರುಗಿದ. ಬೈಯಲಿಲ್ಲ, ಅದೇ ಹೆಚ್ಚು ಭಯವಾಗುವ ಹಾಗಿತ್ತು. "ಆರುನೂರು ಮಿಲಿಗ್ರಾಂ ಕಣೋ. ನಾವು ನುಂಗೋ ಮಾತ್ರೆನೇ ಐನೂರು. ದಿನಕ್ಕೆ ಮೂರು ಸಲ ಹಾಕಿದ್ರೆ ಆ ಕೂಸಿನ ಲಿವರ್ ಏನಾಗ್ಬೇಕು?"

ಹುಡುಗ ಬೇರೆ ಡಬ್ಬ ತೆಗೆದು 0.6 ಅಂತ ಬರೆದ. ಕೈ ನಡುಗಿ ಸೊನ್ನೆ ಸೊಟ್ಟಗಾಯಿತು. ಡ್ರಾಪರ್‌ನಲ್ಲಿ ಅರ್ಧದ ಮೇಲಿನ ಗೆರೆ ತೋರಿಸಿ, "ಇಲ್ಲೀತನಕ ಅಕ್ಕಾ," ಅಂದ.

"ಸೊನ್ನೆ ಇನ್ನೂ ದೊಡ್ಡದಾಗಿ ಬರಿ," ಅಂದಳು ಸವಿತಾ. "ರಾತ್ರಿ ನಮ್ಮತ್ತೆ ಹಾಕೋದು."

ಅವಳು ಚಿಲ್ಲರೆ ತಗೊಂಡು ಮೆಟ್ಟಿಲಿಳಿಯುವಾಗ, ಬಸ್ಸಿಗೆ ಗೊಣಗಿದ್ದ ಅಜ್ಜಿ ಆಗಲೇ ಚೀಲಕ್ಕೆ ಹಾಕಿಕೊಂಡಿದ್ದ ಬಿಪಿ ಮಾತ್ರೆಗಳನ್ನು ಮತ್ತೆ ಕೌಂಟರ್ ಮೇಲೆ ಸುರಿಯುತ್ತಿದ್ದಳು.

"ನಂದೂ ಒಂದ್ಸಲ ನೋಡಪ್ಪಾ."